ಶನಿವಾರ ಸಂಜೆ ಯಾರದು?

ಹವ್ಯಾಸಿ ನಾಟಕ ತಂಡದ ಸಂಚಾಲಕರೊಬ್ಬರು ಸಭಾಂಗಣದ ಆಡಳಿತಕ್ಕೆ ಬರೆದ ದೂರುಪತ್ರದ ಪ್ರತಿ ನಮಗೂ ಬಂದಿದೆ. ಪ್ರದರ್ಶನಕ್ಕೆ ಏಳು ದಿನ ಉಳಿದಿರುವಾಗ ಮ್ಯಾನೇಜರ್ ಫೋನ್ ಮಾಡಿ, ‘ಅವತ್ತು ಮದುವೆ ಇದೆ ಸಾರ್, ಅಡ್ವಾನ್ಸ್ ವಾಪಸ್ ತಗೊಳ್ಳಿ’ ಅಂದರಂತೆ.

ಎಡವಟ್ಟಾದದ್ದು ಡೈರಿಯಲ್ಲಿ. ನಾಟಕ ಶನಿವಾರ ಸಂಜೆ, ಮದುವೆ ಭಾನುವಾರ. ಆದರೆ ಛತ್ರದ ಲೆಕ್ಕದಲ್ಲಿ ಭಾನುವಾರದ ಮದುವೆ ಶನಿವಾರ ಸಂಜೆಯ ಆರತಕ್ಷತೆಯಿಂದಲೇ ಶುರು. ಎರಡು ಪುಟ, ಎರಡು ರಸೀದಿ, ಒಂದೇ ಸಂಜೆ. ತಂಡದ ರಸೀದಿಯಲ್ಲಿ ‘ಸಂಜೆ 4ರಿಂದ 10’ ಎಂದು ಬರೆಸಿಕೊಂಡಿದ್ದು ಪುಣ್ಯ. ಬರೀ ತಾರೀಕಿದ್ದರೆ ವಾದ ಎಳೆದಾಡುತ್ತಿತ್ತು.

ಪತ್ರದಲ್ಲಿ ಬೈಗುಳವಿಲ್ಲ. ರಸೀದಿ ಸಂಖ್ಯೆ, ಕರೆ ಬಂದ ಗಳಿಗೆ, ಮತ್ತೆ ಅಚ್ಚು ಹಾಕಿಸಿದ ಆಮಂತ್ರಣದ ಬಿಲ್ಲು, ಬೇರೆ ಸಭಾಂಗಣಕ್ಕೆ ಕೊಟ್ಟ ಹೆಚ್ಚುವರಿ ಬಾಡಿಗೆ ಎಲ್ಲವೂ ಇದೆ. 1872ರ ಕರಾರು ಕಾಯ್ದೆಯ 73ನೇ ಕಲಂ ಕೊಡಿಸುವುದು ಇಂಥ ನೇರ ನಷ್ಟವನ್ನೇ. ‘ತಂಡದ ಮರ್ಯಾದೆ ಹೋಯಿತು, ಒಂದು ಲಕ್ಷ ಕೊಡಿ’ ಎಂಬ ಕೊನೆಯ ಸಾಲು ಮಾತ್ರ ಉಳಿದ ಲೆಕ್ಕವನ್ನೂ ಹಗುರ ಮಾಡುತ್ತದೆ.

ಉತ್ತರಕ್ಕೆ ಗಡುವನ್ನೂ ಹಾಕಿಲ್ಲ. ಹದಿನೈದು ದಿನ ಎಂದು ಬರೆದು, ತಲುಪಿದ್ದಕ್ಕೆ ಸ್ವೀಕೃತಿ ಸಿಗುವಂತೆ ಅಂಚೆಯಲ್ಲಿ ಕಳಿಸಬೇಕಿತ್ತು. ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗಲು ಎರಡು ವರ್ಷ ಕಾಲಾವಕಾಶವಿದೆ. ಐದು ಲಕ್ಷದೊಳಗಿನ ವ್ಯವಹಾರಕ್ಕೆ ಶುಲ್ಕವಿಲ್ಲ. ಅಲ್ಲಿ ಆ ಸ್ವೀಕೃತಿ ಚೀಟಿ ನೆರವಿಗೆ ಬರುತ್ತದೆ.