ಚಾಲಕರ ಸಂದರ್ಶನದಲ್ಲಿ ನಾವು ಕೇಳದಿರುವ ಪ್ರಶ್ನೆ

ಸರಕು ವಿತರಣೆಯ ವಾಹನಕ್ಕೆ ಚಾಲಕನನ್ನು ನೇಮಿಸಿಕೊಳ್ಳುವಾಗ ನಮ್ಮ ಬಹುಪಾಲು ವರ್ತಕ ಬಾಂಧವರು ಅನುಸರಿಸುವ ಕ್ರಮ ಒಂದೇ. ಲೈಸೆನ್ಸಿನ ಜೆರಾಕ್ಸ್ ಪ್ರತಿಯನ್ನು ಪಡೆದು ಕಡತಕ್ಕೆ ಸೇರಿಸುವುದು, ಹಿಂದೆ ಎಲ್ಲಿ ಕೆಲಸ ಮಾಡಿದ್ದನೆಂದು ವಿಚಾರಿಸುವುದು, ಕೊನೆಗೆ "ಹೊತ್ತಿಗೆ ಸರಿಯಾಗಿ ಮಾಲು ಮುಟ್ಟಿಸುತ್ತೀಯಾ?" ಎಂದು ಕೇಳುವುದು. "ಮುಟ್ಟಿಸ್ತೇನ್ರಿ ಸಾವಕಾರ್ರ" ಎಂಬ ಉತ್ತರ ಬಂದೊಡನೆ ಸಂದರ್ಶನ ಮುಗಿಯುತ್ತದೆ. ಈ ಕೊನೆಯ ಪ್ರಶ್ನೆಯೇ ಅನೇಕ ವೇಳೆ ತಪ್ಪು ವ್ಯಕ್ತಿಯನ್ನು ಆರಿಸಿಕೊಡುತ್ತದೆ ಎಂಬುದು ನನ್ನ ಅಭಿಪ್ರಾಯ.

ಮೊದಲು ಲೈಸೆನ್ಸಿನ ಮಾತು. ಲೈಸೆನ್ಸ್ ಇಲ್ಲದವನಿಗೆ ವಾಹನ ಒಪ್ಪಿಸಕೂಡದೆಂಬ ಹೊಣೆಯನ್ನು 1988ರ ಮೋಟಾರು ವಾಹನ ಕಾಯ್ದೆಯ 5ನೆಯ ಕಲಮು ಮಾಲೀಕನ ಮೇಲೆಯೇ ಹೊರಿಸಿದೆ. 2019ರ ತಿದ್ದುಪಡಿಯ ತರುವಾಯ ಇದರ ಉಲ್ಲಂಘನೆಗೆ 5,000 ರೂಪಾಯಿ ದಂಡ, ಮೂರು ತಿಂಗಳವರೆಗೆ ಸೆರೆವಾಸ ಅಥವಾ ಎರಡನ್ನೂ ವಿಧಿಸಬಹುದು. ಒಟ್ಟು ತೂಕ 7,500 ಕಿಲೋಗ್ರಾಂ ಮೀರದ ಸರಕು ವಾಹನವನ್ನು ಲಘು ಮೋಟಾರು ವಾಹನದ ಲೈಸೆನ್ಸ್ ಉಳ್ಳವನು ಪ್ರತ್ಯೇಕ ಅನುಮತಿಯಿಲ್ಲದೆ ನಡೆಸಬಹುದೆಂದು ಸರ್ವೋಚ್ಚ ನ್ಯಾಯಾಲಯದ ಸಂವಿಧಾನ ಪೀಠವು 2024ರ ನವೆಂಬರ್ 6ರಂದು ತೀರ್ಪಿತ್ತಿರುವುದರಿಂದ, ನಮ್ಮ ಸಣ್ಣ ಟೆಂಪೋಗಳ ಮಟ್ಟಿಗೆ ಹಳೆಯ ಗೊಂದಲ ನಿವಾರಣೆಯಾಗಿದೆ. ಅಪಾಯಕಾರಿ ಸರಕಿನ ಸಾಗಣೆಗೆ ಮಾತ್ರ ಪ್ರತ್ಯೇಕ ಅನುಮತಿ ಬೇಕೇ ಬೇಕು. ಜೆರಾಕ್ಸ್ ಪ್ರತಿಯಿಂದ ತೃಪ್ತರಾಗದೆ ಮೂಲ ಕಾರ್ಡನ್ನೇ ನೋಡಿ, ಸಂಖ್ಯೆ ಮತ್ತು ಜನ್ಮದಿನಾಂಕವನ್ನು ಪರಿವಾಹನ್ ಜಾಲತಾಣದಲ್ಲಿ ತಾಳೆ ನೋಡುವುದು ಐದು ನಿಮಿಷದ ಕೆಲಸ. ಅವಧಿ ಮುಗಿದಿದೆಯೇ ಎಂಬುದನ್ನು ವಿಶೇಷವಾಗಿ ಗಮನಿಸಬೇಕು. ಹಿಂದೆ ಇದ್ದ ಮೂವತ್ತು ದಿನಗಳ ರಿಯಾಯಿತಿಯನ್ನು 2019ರ ತಿದ್ದುಪಡಿ ತೆಗೆದುಹಾಕಿದೆ.

ಇಷ್ಟಾದರೂ ಲೈಸೆನ್ಸು ಹೇಳುವುದು ಆತ ವಾಹನ ನಡೆಸಬಹುದು ಎಂಬುದನ್ನಷ್ಟೇ. ಮಾಲು ಹಂಚಬಲ್ಲನೇ ಎಂಬುದನ್ನಲ್ಲ. ಅದಕ್ಕಾಗಿ ನಾನು ಕೆಲವು ಕಾಲದಿಂದ ಬೇರೊಂದು ಪ್ರಶ್ನೆಯನ್ನು ಕೇಳುತ್ತ ಬಂದಿದ್ದೇನೆ. ಹುಬ್ಬಳ್ಳಿಯ ಅಮರಗೋಳ ಎ.ಪಿ.ಎಂ.ಸಿ. ಪ್ರಾಂಗಣದಲ್ಲಿ ಬೆಳಿಗ್ಗೆ ಎಂಟಕ್ಕೆ ಗಾಡಿ ಹೊರಡುತ್ತದೆ, ದುರ್ಗದಬೈಲ್, ಶಾ ಬಜಾರ್ ಸುತ್ತಲಿನ ಹನ್ನೆರಡು ಅಂಗಡಿಗಳ ಚೀಟಿ ಇದೆ, ಎಷ್ಟು ಹೊತ್ತಿಗೆ ಮುಗಿಸುವೆ?

ಈಚೆಗೆ ಇಬ್ಬರು ಅಭ್ಯರ್ಥಿಗಳು ಬಂದಿದ್ದರು. ಮೊದಲನೆಯವನು ಚೀಟಿಯನ್ನು ನೋಡದೆಯೇ "ಹನ್ನೆರಡಕ್ಕೆ ಖಾಲಿ ಮಾಡಿ ಬರ್ತೇನ್ರಿ" ಎಂದ. ಎರಡನೆಯವನು ಚೀಟಿಯನ್ನು ಓದಿ, "ಇದರಾಗ ಯಾವ್ಯಾವ ಅಂಗಡಿ ಹತ್ತರ ನಂತರ ತೆಗೀತಾವ್ರಿ? ಹಮಾಲ ಸಂಗಡ ಬರ್ತಾನೋ, ನಾನೇ ಇಳಸಬೇಕೋ?" ಎಂದು ನನ್ನನ್ನೇ ಕೇಳಿದ. ಹಮಾಲ ಬರುತ್ತಾನೆ ಎಂದ ಮೇಲೆ ಲೆಕ್ಕ ಹಾಕಿದ. ಪೇಟೆ ಮುಟ್ಟಲು ಅರ್ಧ ಗಂಟೆ. ಅಂಗಡಿಯೊಂದಕ್ಕೆ ಇಳಿಸಿ, ಎಣಿಸಿ, ರುಜು ಪಡೆಯಲು ಹದಿನೈದು ನಿಮಿಷದಂತೆ ಮೂರು ಗಂಟೆ. ಒಂದರಿಂದ ಇನ್ನೊಂದಕ್ಕೆ ಹೋಗಿ ಜಾಗ ಹುಡುಕಲು ಹತ್ತು ನಿಮಿಷದಂತೆ ಹನ್ನೊಂದು ಸಲ. ಒಟ್ಟು ಐದು ಗಂಟೆ ಇಪ್ಪತ್ತು ನಿಮಿಷ. "ಒಂದೂವರೆ ಆಗ್ತದ್ರಿ, ಹನ್ನೆರಡಕ್ಕ ಆಗೂದಿಲ್ಲ" ಎಂದ.

ಮೊದಲನೆಯವನು ಸುಳ್ಳುಗಾರನೆಂದು ನಾನು ಹೇಳಲಾರೆ. ಆದರೆ ಮಾತು ಉಳಿಸಿಕೊಳ್ಳಬೇಕಾದರೆ ಆತ ಎಂಬತ್ತು ನಿಮಿಷಗಳನ್ನು ಎಲ್ಲಿಂದಾದರೂ ಕದಿಯಲೇಬೇಕು. ಇಳಿಸುವ ಕೆಲಸ ಹಮಾಲನ ಕೈಯಲ್ಲಿದೆ, ಉಳಿದದ್ದು ರಸ್ತೆ. ಏಕಮುಖ ಸಂಚಾರದ ಓಣಿಯಲ್ಲಿ ಎದುರು ನುಗ್ಗುವುದು, ಎಣಿಸದೆ ಇಳಿಸಿ ಓಡುವುದು, ಸಹಾಯಕನನ್ನು ಕೆಳಗಿಳಿಸದೆಯೇ ರಿವರ್ಸ್ ತೆಗೆಯುವುದು ಎಲ್ಲವೂ ಹೀಗೆಯೇ ಹುಟ್ಟುತ್ತವೆ. ಅವಸರದ ಭರವಸೆಯನ್ನು ಬೇಡಿದವರು ನಾವೇ ಆದ್ದರಿಂದ ಅಪಘಾತದ ದಿನ ಚಾಲಕನನ್ನಷ್ಟೇ ದೂರುವುದು ನ್ಯಾಯವಲ್ಲ.

ಮಾರ್ಗಜ್ಞಾನವನ್ನು ಅರಿಯಲು ಇನ್ನೊಂದು ಸುಲಭ ಉಪಾಯವಿದೆ. ಅದೇ ಚೀಟಿಯ ಮಾಲನ್ನು ಗಾಡಿಗೆ ಹೇಗೆ ತುಂಬುವೆ ಎಂದು ಕೇಳಬೇಕು. ಕೊನೆಗೆ ಇಳಿಸುವ ಅಂಗಡಿಯದು ಮೊದಲು ಒಳಗೆ, ಮೊದಲು ಇಳಿಸುವುದು ಬಾಗಿಲ ಬಳಿ. ಓಣಿಗಳ ಕ್ರಮ ತಿಳಿಯದವನು ಇದಕ್ಕೆ ಉತ್ತರಿಸಲಾರ. ಮೊಬೈಲಿನ ನಕ್ಷೆ ದಾರಿ ತೋರಿಸೀತು, ಆದರೆ ತರಕಾರಿ ಬಂಡಿಗಳು ತುಂಬಿಕೊಂಡ ಮೇಲೆ ಯಾವ ತಿರುವಿನಲ್ಲಿ ಟೆಂಪೋ ಹೊರಳುವುದಿಲ್ಲ ಎಂಬುದು ಓಡಾಡಿದವನಿಗೇ ಗೊತ್ತು.

ಕೊನೆಯದಾಗಿ, ಗಾಡಿಯಲ್ಲಿ ಆತನ ಪಕ್ಕ ಅರ್ಧ ಗಂಟೆ ಕೂರಬೇಕು, ಅದೂ ಖಾಲಿ ಗಾಡಿಯಲ್ಲಲ್ಲ. ಭಾರ ತುಂಬಿದ ವಾಹನ ನಿಲ್ಲಲು ಹೆಚ್ಚು ದೂರ ಬೇಕು; ಮುಂದಿನ ವಾಹನದಿಂದ ಆತ ಬಿಡುವ ಅಂತರ ಹೊರೆಗೆ ತಕ್ಕಂತೆ ಹೆಚ್ಚುತ್ತದೆಯೇ ಎಂಬುದು ಆಗ ಮಾತ್ರ ಕಾಣುತ್ತದೆ. ಹತ್ತುವ ಮೊದಲು ಗಾಡಿಯ ಸುತ್ತ ಒಮ್ಮೆ ನಡೆದು ಟೈರು, ದೀಪ, ಹಗ್ಗದ ಬಿಗಿತ ನೋಡಿದನೇ ಎಂಬುದನ್ನು ಹೇಳದೆಯೇ ಗಮನಿಸಬೇಕು. ನೋಡು ಎಂದು ಹೇಳಿದರೆ ಎಲ್ಲರೂ ನೋಡುತ್ತಾರೆ.

ಎರಡನೆಯವನನ್ನೇ ನೇಮಿಸಿಕೊಂಡೆ. ಹೊರಡುವ ಮುನ್ನ ಆತ, ಮಾಲು ಇಳಿಸಲು ನಿಲ್ಲಿಸಿದಾಗ ಪೊಲೀಸರು ಹಾಕುವ ದಂಡವನ್ನು ಯಾರು ಕಟ್ಟಬೇಕು ಎಂದು ಕೇಳಿದ. ನನ್ನ ಬಳಿ ಸಿದ್ಧ ಉತ್ತರವಿರಲಿಲ್ಲ. ಅಂಗಡಿಯವರು ಹೇಳಿದ ಕಡೆ ನಿಲ್ಲಿಸಿದ್ದರೆ ದಂಡ ನನ್ನದು, ತಾನಾಗಿ ತಪ್ಪು ಜಾಗದಲ್ಲಿ ನಿಲ್ಲಿಸಿದರೆ ಆತನದು ಎಂದು ಒಪ್ಪಿಕೊಂಡು, ನೇಮಕದ ಪತ್ರದಲ್ಲಿ ಆ ಸಾಲನ್ನೂ ಬರೆದುಕೊಟ್ಟೆ. ಶಾ ಬಜಾರಿನ ಅಂಗಡಿಗಳವರಿಗೆ ಒಂದೂವರೆಯ ವೇಳೆಯನ್ನು ತಿಳಿಸುವ ಕೆಲಸ ಮಾತ್ರ ನನ್ನ ಪಾಲಿಗೆ ಬಂತು.