‘ಎಲ್ಲೆ’ ಎಂದರೆ ‘ಎಲ್ಲಿ’ ಅಲ್ಲ

ಬೆಳ್ತಂಗಡಿಯಲ್ಲಿ ಬಾಡಿಗೆ ಮನೆ ಹಿಡಿದ ಹೊಸತು. ನಲ್ಲಿ ಸೋರುತ್ತಿತ್ತೆಂದು ರಿಪೇರಿಯವನಿಗೆ ಫೋನ್ ಮಾಡಿದೆ. ಆತ ಒಂದೇ ಉಸಿರಿಗೆ, “ಎಲ್ಲೆ ಕಾಂಡೆ ಆಜಿ ಗಂಟೆಗ್ ಬರ್ಪೆ” ಎಂದ. ನನ್ನ ಬಯಲುಸೀಮೆಯ ಕಿವಿಗೆ ಬಿದ್ದದ್ದು ‘ಎಲ್ಲಿ’ ಮತ್ತು ‘ಗಂಟೆ’, ಎರಡೇ. ಮನೆ ಎಲ್ಲಿ ಎಂದು ಕೇಳುತ್ತಿದ್ದಾನೆಂದು ದಾರಿ ಹೇಳತೊಡಗಿದೆ. ತುಳುವಿನಲ್ಲಿ ‘ಎಲ್ಲೆ’ ಎಂದರೆ ನಾಳೆ, ‘ಕಾಂಡೆ’ ಎಂದರೆ ಬೆಳಿಗ್ಗೆ.

ಆಮೇಲೆ ನಾನು ಮಾಡಿದ್ದು ಎಲ್ಲರೂ ಮಾಡುವ ತಪ್ಪೇ. “ಹಾಂ?” ಎಂದೆ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಕಡೆ ಈ ‘ಹಾಂ’ಗೆ ಉತ್ತರ ಸಾಮಾನ್ಯವಾಗಿ ಕನ್ನಡದಲ್ಲೇ ಬರುತ್ತದೆ. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಪೇಟೆಯಲ್ಲಿ ಕೊಂಕಣಿಯೋ ಬ್ಯಾರಿಯೋ ಕೇಳಿ ಬೆಳೆದವರಿಗೆ ಭಾಷೆ ಬದಲಿಸುವುದು ಗೇರು ಬದಲಿಸಿದಷ್ಟೇ ಸಲೀಸು. ಅದು ಅವರ ದಾಕ್ಷಿಣ್ಯ. ಕಲಿಯುವವನಿಗೆ ಮಾತ್ರ ಅಲ್ಲಿಗೆ ಆ ದಿನದ ತುಳು ಮುಗಿಯಿತು. ಹಾಗಾಗಿ ಮೊದಲು ಬಾಯಿಗೆ ಬರಬೇಕಾದದ್ದು: “ತುಳುಟೇ ಪನ್ಲೆ, ಒಂತೆ ಮೆಲ್ಲ ಪನ್ಲೆ.” ತುಳುವಿನಲ್ಲೇ ಹೇಳಿ, ಸ್ವಲ್ಪ ನಿಧಾನ ಹೇಳಿ. ಕೊನೆಯ ‘ಲೆ’ ಬಹುವಚನದ ಮರ್ಯಾದೆಯದ್ದು. ಮಕ್ಕಳಿಗಾದರೆ ‘ಪನ್ಲ’ ಸಾಕು. ಇನ್ನೊಮ್ಮೆ ಹೇಳಿ ಎನ್ನಲು “ನನೊರ ಪನ್ಲೆ”. ಇದರಲ್ಲಿರುವ ‘ನನ’ಕ್ಕೂ ಕನ್ನಡದ ‘ನನ್ನ’ಕ್ಕೂ ಸಂಬಂಧವಿಲ್ಲ. ‘ನನ’ ಎಂದರೆ ಇನ್ನು, ‘ಒರ’ ಎಂದರೆ ಒಮ್ಮೆ.

‘ಮೆಲ್ಲ’ದಲ್ಲೊಂದು ತೊಡಕಿದೆ. ಅದಕ್ಕೆ ನಿಧಾನ ಎಂಬ ಅರ್ಥವೂ ಇದೆ, ಸಣ್ಣ ದನಿ ಎಂಬ ಅರ್ಥವೂ ಇದೆ. ಫೋನಿನಲ್ಲಿ ಮೆಲ್ಲ ಎಂದರೆ ಕೆಲವರು ವೇಗವನ್ನು ಹಾಗೇ ಇಟ್ಟುಕೊಂಡು ದನಿ ಇಳಿಸುತ್ತಾರೆ. ಆಗ “ಎಂಕ್ ಕೇನುಜಿ” (ನನಗೆ ಕೇಳುತ್ತಿಲ್ಲ) ಎನ್ನಿ. ದನಿ ಕೇಳುತ್ತಿದ್ದು ಅರ್ಥವಾಗದಿದ್ದರೆ “ಎಂಕ್ ಗೊತ್ತಾಪುಜಿ” ಎನ್ನಬೇಕು. ಇವೆರಡನ್ನು ಅದಲುಬದಲು ಮಾಡಿದರೆ ಅರ್ಥವಾಗದ ಮಾತನ್ನೇ ಅವರು ಕೂಗಿ ಹೇಳುತ್ತಾರೆ, ಅಷ್ಟೆ.

ಪೂರ್ತಿ ವಾಕ್ಯ ಮತ್ತೆ ಹೇಳಿಸುವುದಕ್ಕಿಂತ ತಪ್ಪಿಹೋದ ತುಂಡನ್ನಷ್ಟೇ ಕೇಳುವುದು ಒಳ್ಳೆಯದು. ಜಗತ್ತಿನ 12 ಭಾಷೆಗಳ ಮಾತುಕತೆಯನ್ನು ಧ್ವನಿಮುದ್ರಿಸಿಕೊಂಡು ನೋಡಿದ ಸಂಶೋಧಕರು 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲೂ ಇದೇ ಕಾಣಿಸಿತು: ಸುಮಾರು ಒಂದೂವರೆ ನಿಮಿಷಕ್ಕೊಮ್ಮೆ ಯಾರೋ ಒಬ್ಬರು ‘ಏನಂದೆ’ ಎನ್ನುತ್ತಾರೆ, ಆದಷ್ಟೂ ತಪ್ಪಿದ ಜಾಗವನ್ನೇ ಬೊಟ್ಟುಮಾಡಿ ಕೇಳುತ್ತಾರೆ. ತುಳುವಿನಲ್ಲಿ ಇದಕ್ಕೆ ನಾಲ್ಕೇ ಪದ ಸಾಕು: ದಾದ (ಏನು), ಏಪ (ಯಾವಾಗ), ಏತ್ (ಎಷ್ಟು), ಏರ್ (ಯಾರು). ಅಂಕಿಗಳಲ್ಲಂತೂ ಕೇಳಲೇಬೇಕು. ಒಂಜಿ, ಮೂಜಿ, ಆಜಿ ಎಲ್ಲವೂ ‘ಜಿ’ಯಲ್ಲೇ ಮುಗಿಯುತ್ತವೆ, ಗಡಿಬಿಡಿಯಲ್ಲಿ ಮೊದಲಕ್ಷರ ನುಂಗಿಹೋದರೆ ಮೂರೂ ಒಂದೇ. “ಮೂಜಿ ಗಂಟೆಗಾ, ಆಜಿ ಗಂಟೆಗಾ?” ಎಂದು ಎರಡನ್ನೂ ಮುಂದಿಟ್ಟರೆ ಅವರು ಒಂದನ್ನು ಆರಿಸುತ್ತಾರೆ. ಕೊನೆಗೆ “ಎಲ್ಲೆ ಆಜಿ ಗಂಟೆಗ್, ಅಂದಾ?” ಎಂದು ನೀವೇ ತಿರುಗಿ ಹೇಳಿ. “ಅಂದ್” ಎಂದು ಬಂದರೆ ಹೌದು.

ಈ ಕಷ್ಟ ಆಚೆಯವರಿಗೂ ಇದೆ. ಮೂಡುಬಿದಿರೆಗೆ ಓದಲು ಬಂದ ಕಲಬುರಗಿಯ ಹುಡುಗ ಅಂಗಡಿಯಲ್ಲಿ “ಮುಂಜಾನಿ ಬರ್ತೀನ್ರೀ” ಎನ್ನುತ್ತಾನೆ. ಕನ್ನಡವನ್ನು ಶಾಲೆಯ ಪಾಠದಲ್ಲಿ ಕಲಿತ ಅಂಗಡಿಯ ಅಜ್ಜ “ಎಂತ?” ಎನ್ನುತ್ತಾರೆ. ಹುಡುಗನಿಗೆ ಅದು ಗದರಿದ ಹಾಗೆ ಕೇಳುತ್ತದೆ. ಅದು ಗದರಿದ್ದಲ್ಲ, ಕರಾವಳಿ ಕನ್ನಡದ ‘ಏನು’, ತುಳುವಿನ ‘ದಾದ’ದ ಹಾಗೆ. ಹುಡುಗ ‘ಮುಂಜಾನಿ’ಯನ್ನೇ ಮೂರು ಸಲ ಹೇಳಿದರೂ ಕೆಲಸವಾಗದು, ಗೊತ್ತಾಗದ್ದು ಆ ಪದವೇ. ‘ಬೆಳಿಗ್ಗೆ’ ಎಂದು ಬದಲಿಸಬೇಕು. ಅಜ್ಜನೂ “ಎಂತ” ಬಿಟ್ಟು “ಯಾವಾಗ ಅಂದ್ರಿ? ಸ್ವಲ್ಪ ನಿಧಾನ ಹೇಳಿ” ಎಂದರೆ ಹುಡುಗನಿಗೆ ಎಲ್ಲಿ ಎಡವಿದೆನೆಂದು ತಿಳಿಯುತ್ತದೆ. ಪದ ಬದಲಿಸಿ ಎನ್ನಲು ತುಳುವಿನಲ್ಲಿ “ಬೇತೆ ರೀತಿಡ್ ಪನ್ಲೆ”.

ಮರುದಿನ ಸರಿಯಾಗಿ ಆರಕ್ಕೆ ಬಾಗಿಲು ಬಡಿದವನು ಫೋನಿನವನಲ್ಲ, ಅವನ ಕೆಲಸದ ಹುಡುಗ. ತುಳುವಿನಲ್ಲಿ ‘ನಾನು ಬರುತ್ತೇನೆ’, ‘ಅವನು ಬರುತ್ತಾನೆ’ ಎರಡನ್ನೂ ಕನ್ನಡ ಲಿಪಿಯಲ್ಲಿ ‘ಬರ್ಪೆ’ ಎಂದೇ ಬರೆಯುತ್ತೇವೆ. ಉಚ್ಚಾರದಲ್ಲಿ ‘ನಾನು’ ಇರುವ ಕಡೆ ಕೊನೆಯ ಸ್ವರ ಬಾಯಿ ಅಗಲಿಸಿ ಬರುತ್ತದೆ, ‘ಬ್ಯಾಂಕ್’ನ ‘ಆ್ಯ’ದ ಹತ್ತಿರ, ‘ಅವನು’ ಇರುವ ಕಡೆ ಮಾಮೂಲಿ ‘ಎ’. ಹೊಸಬನ ಕಿವಿಗೆ, ಅದೂ ಫೋನಿನಲ್ಲಿ, ಆ ವ್ಯತ್ಯಾಸ ಸಿಗುವುದಿಲ್ಲ. ಈಗ ನಾನು “ಏರ್ ಬರ್ಪಿನಿ?” ಎಂದು ಕೇಳಿಯೇ ಫೋನ್ ಇಡುತ್ತೇನೆ. ಅಲ್ಲೂ ‘ಏರ್’ ಹೋಗಿ ‘ಈರ್’ ಆಗದ ಹಾಗೆ ನೋಡಿಕೊಳ್ಳಬೇಕು. ‘ಈರ್’ ಎಂದರೆ ನೀವು.