ಸಾಲ ಇಸ್ಕೊಂಡ ಗೌಡ್ರು: ಕನ್ನಡಕ್ಕೆ ಕೃದಂತವೊಂದೇ ಸಾಕೆ?

ತೊಣ್ಣೂರಿನ ಕೆರೆಯನ್ನು ತೋರಿಸಿ ‘ನಾಸಿರ್ ಜಂಗ್ ಮೋತಿ ತಲಾಬ್ ಎಂದು ಹೆಸರಿಟ್ಟ ಕೆರೆ ಇದೇ’ ಎನ್ನಬಹುದು. ‘ಯಾವ ಕೆರೆಗೆ ನಾಸಿರ್ ಜಂಗ್ ಮೋತಿ ತಲಾಬ್ ಎಂದು ಹೆಸರಿಟ್ಟನೋ ಆ ಕೆರೆ ಇದೇ’ ಎಂದರೂ ತಪ್ಪಿಲ್ಲ. ಮೊದಲನೆಯದರಲ್ಲಿ ಕ್ರಿಯಾಪದ ಕರ್ತೃವನ್ನು ಹೇಳುವ ಬಾಲವನ್ನು ಕಳಚಿ, ಕೃದಂತವಾಗಿ ನಾಮಪದಕ್ಕೆ ಆತುಕೊಳ್ಳುತ್ತದೆ. ಎರಡನೆಯದರಲ್ಲಿ ಪೂರ್ಣ ಕ್ರಿಯಾಪದವೇ ‘ಓ’ ಹಚ್ಚಿಕೊಂಡು ನಿಲ್ಲುತ್ತದೆ. ಈ ಎರಡನೆಯದು ಕನ್ನಡಕ್ಕೆ ನಿಜವಾಗಿ ಬೇಕೆ?

ಪರ: ಕೃದಂತವೇ ಸಾಕು

ಎಡ್ವರ್ಡ್ ಕೀನನ್ ಮತ್ತು ಬರ್ನಾರ್ಡ್ ಕಾಮ್ರಿ 1977ರಲ್ಲಿ ಒಂದು ಶ್ರೇಣಿಯನ್ನು ಮುಂದಿಟ್ಟರು. ವಾಕ್ಯವೊಂದರಿಂದ ಕರ್ತೃವನ್ನು ಹೊರತೆಗೆದು ಬಣ್ಣಿಸುವುದು ಎಲ್ಲಕ್ಕಿಂತ ಸುಲಭ. ಆಮೇಲೆ ಕರ್ಮ, ‘ಯಾರಿಗೆ’ ಎಂಬ ಸಂಪ್ರದಾನ, ಉಳಿದ ಕಾರಕಗಳು, ಷಷ್ಠಿ ಬರುತ್ತವೆ; ತೀರ ಕೊನೆಗೆ ‘ಯಾರಿಗಿಂತ’ ಎಂಬ ಹೋಲಿಕೆ. ಒಂದು ರಚನೆ ಈ ಶ್ರೇಣಿಯಲ್ಲಿ ಎಲ್ಲಿ ನಿಂತಿತೋ ಅಲ್ಲಿಂದ ಕೆಳಗೆ ಮತ್ತೆ ಕಾಣಿಸಿಕೊಳ್ಳಬಾರದು ಎಂಬುದು ಅವರ ನಿಯಮ. ಮಡಗಾಸ್ಕರಿನ ಮಲಗಾಸಿ ಕರ್ತೃವಿನ ಬಳಿಯೇ ನಿಂತುಬಿಡುತ್ತದೆ. ಕರ್ಮವನ್ನು ಬಣ್ಣಿಸಬೇಕಾದರೆ ವಾಕ್ಯವನ್ನೇ ತಿರುವಿ ಅದನ್ನು ಕರ್ತೃವಾಗಿಸಬೇಕು. ನಮ್ಮ ಕೃದಂತವಾದರೋ ಸಲೀಸಾಗಿ ಕೆಳಗಿಳಿಯುತ್ತದೆ: ನೀರು ಬಿಡುವ ತೂಬು, ಬೆಲ್ಲ ಕಾಯಿಸುವ ಕೊಪ್ಪರಿಗೆ, ಅಪ್ಪ ತೀರಿಕೊಂಡ ಹುಡುಗ. ತೂಬಿನಿಂದಲೋ ತೂಬಿಗೋ, ಕೊಪ್ಪರಿಗೆಯಲ್ಲೋ ಕೊಪ್ಪರಿಗೆಯನ್ನೋ ಎಂದು ವಿಭಕ್ತಿ ಹೇಳುವುದಿಲ್ಲ. ಆದರೂ ಆಲೆಮನೆ ಕಂಡವರಾರಿಗೂ ಗೊಂದಲವಿಲ್ಲ. ‘ಬೆಲ್ಲ ಕಾಯಿಸುವ ವಾಸನೆ’ಯಲ್ಲಂತೂ ವಾಸನೆ ಆ ವಾಕ್ಯದ ಯಾವ ಕಾರಕವೂ ಅಲ್ಲ. ಜಪಾನಿ ಭಾಷೆಯಲ್ಲೂ ಇಂಥವೇ ಸಿಗುತ್ತವೆ. ಅವನ್ನು ನೋಡಿದ ಕಾಮ್ರಿಯವರೇ, ಏಷ್ಯಾದ ಹಲವು ಭಾಷೆಗಳ ಈ ರಚನೆಗೆ ತಮ್ಮ ಹಳೆಯ ಅಳತೆಗೋಲು ಹೊಂದದು ಎಂದು 1998ರಲ್ಲಿ ಬರೆದರು.

ಈ ಪಕ್ಷಕ್ಕೆ ಶಾಸನಗಳ ಬಲವೂ ಇದೆ. ದಾನಶಾಸನಗಳ ಕೊನೆಯ ಶಾಪ ಸಂಸ್ಕೃತ ಶ್ಲೋಕದಲ್ಲಿದ್ದರೆ ‘ಯಾವನು ಕಸಿಯುವನೋ ಅವನು’ ಎಂಬ ಕಟ್ಟು. ಅದೇ ಶಾಪ ಕನ್ನಡಕ್ಕೆ ಬಂದಾಗ ‘ತಪ್ಪಿದವರು’, ‘ಅಳಿದವರು’ ಎಂದು ಒಂದೇ ಪದದಲ್ಲಿ ಮುಗಿಯುತ್ತದೆ. ಸಂಸ್ಕೃತ ಪಕ್ಕದಲ್ಲೇ ಇದ್ದರೂ ಶಾಸನ ಬರೆದವರಿಗೆ ಅದರ ಜಾಡು ಹಿಡಿಯಬೇಕೆನಿಸಲಿಲ್ಲ. ಮಂಡ್ಯದ ಕಡೆಯ ಮಾತಿನಲ್ಲಿ ಇಂದಿಗೂ ‘ತಪ್ಪಿದೋರು’, ‘ಬಂದೋರು’.

ವಿರೋಧ: ಇಲ್ಲ, ಎರಡೂ ಬೇಕು

ಮೇಲಿನ ವಾದ ಅರ್ಧ ಸರಿ ಎಂಬುದು ನನ್ನ ನಿಲುವು. ‘ಸಾಲ ಇಸ್ಕೊಂಡ ಬ್ಯಾಂಕು’ ಎಂದರೆ ಯಾರಿಗೂ ಅರ್ಥವಾಗುತ್ತದೆ. ‘ಸಾಲ ಇಸ್ಕೊಂಡ ಗೌಡ್ರು’ ಎಂದ ಕೂಡಲೇ ಸಾಲಗಾರ ಗೌಡರೇ ಆಗಿಬಿಡುತ್ತಾರೆ. ನಾವು ಹೇಳಹೊರಟದ್ದು ಸಾಲ ಕೊಟ್ಟ ಗೌಡರ ಮಾತು. ಕರ್ತೃವಾಗಬಲ್ಲ ನಾಮಪದ ಎದುರಿಗಿದ್ದರೆ ಕೃದಂತ ಮೊದಲು ಅದನ್ನೇ ಹಿಡಿಯುತ್ತದೆ. ಕೇಳುಗರ ಲೋಕಜ್ಞಾನ ಬ್ಯಾಂಕಿನ ವಿಷಯದಲ್ಲಿ ಕಾಪಾಡಿತು, ಗೌಡರ ವಿಷಯದಲ್ಲಿ ಕೈಬಿಟ್ಟಿತು. ‘ಯಾವ ಗೌಡ್ರ ಹತ್ರ ಸಾಲ ಇಸ್ಕೊಂಡ್ನೋ ಅವ್ರು’ ಎಂದರೆ ವಿಭಕ್ತಿ ಮರಳಿ ಬಂದು ಗೊಂದಲ ತೀರುತ್ತದೆ. ಇನ್ನು ಹೋಲಿಕೆಯಲ್ಲಿ ಕೃದಂತ ಸಾಗುವುದೇ ಇಲ್ಲ. ‘ತೊಣ್ಣೂರು ಕೆರೆ ಯಾವ ಕೆರೆಗಿಂತ ಆಳವೋ ಆ ಕೆರೆ’ ಎಂಬುದನ್ನು ಕೃದಂತದಲ್ಲಿ ಹೇಳಿ ನೋಡಿ. ‘ಯಾರು ಎಷ್ಟು ಎಕರೆ ಕಬ್ಬು ಹಾಕಿದ್ದಾರೋ ಅವರಿಗೆ ಅಷ್ಟು ನೀರು’ ಎಂಬ ಜೋಡಿ ಲೆಕ್ಕವೂ ಅಷ್ಟೇ: ಕೃದಂತ ಒಂದು ನಾಮಪದಕ್ಕೆ ಮಾತ್ರ ಆತುಕೊಳ್ಳಬಲ್ಲದು, ಇಲ್ಲಿ ಎರಡಿವೆ.

‘ಯಾವ–ಆ’ ಸಂಸ್ಕೃತದ ನಕಲು ಎಂಬ ಆಕ್ಷೇಪಕ್ಕೂ ಉತ್ತರವಿದೆ. ಸಂಸ್ಕೃತದಲ್ಲಿ ಪ್ರಶ್ನೆಯ ‘ಕಃ’ ಬೇರೆ, ಸಂಬಂಧದ ‘ಯಃ’ ಬೇರೆ. ಕನ್ನಡದಲ್ಲಿ ಪ್ರಶ್ನೆಯ ‘ಯಾರು’ ಪದವೇ ‘ಓ’ಕಾರದ ಜೊತೆಗೂಡಿ ಆ ಕೆಲಸ ಮಾಡುತ್ತದೆ, ತಮಿಳು, ತೆಲುಗುಗಳಲ್ಲೂ ಹೀಗೆಯೇ. ನಕಲು ಮಾಡಿದವರು ಕ್ರಿಯಾಪದದ ತುದಿಗೆ ‘ಓ’ ಎಲ್ಲಿಂದ ತಂದರು? ಸಂಸ್ಕೃತದ ಒಡನಾಟ ಇದರ ಬಳಕೆಯನ್ನು ಹೆಚ್ಚಿಸಿರಬಹುದು, ಅದನ್ನು ಅಲ್ಲಗಳೆಯುವುದಿಲ್ಲ. ಶಾಸನದ ‘ತಪ್ಪಿದವರು’ ಕೂಡ ಕರ್ತೃಸ್ಥಾನದ್ದೇ, ಅಂದರೆ ಕೃದಂತಕ್ಕೆ ಅತಿ ಸುಲಭವಾದ ಜಾಗ. ಅಲ್ಲಿ ಗೆದ್ದದ್ದರಿಂದ ಶ್ರೇಣಿಯ ಕೆಳತುದಿಯ ಬಗ್ಗೆ ಏನೂ ಸಾಬೀತಾಗದು. ಶ್ರೇಣಿ ಎಂಬ ಮಾತು ಕೇಳಿದೊಡನೆ ಭಾಷೆಗಳನ್ನು ಮೇಲುಕೀಳು ಮಾಡುತ್ತಿದ್ದಾರೆಂದು ಸಿಡುಕುವವರೂ ಉಂಟು. ಅವರು ಪ್ರಶ್ನೆಯನ್ನೇ ತಪ್ಪಾಗಿ ಓದಿದ್ದಾರೆ: ಅಲ್ಲಿ ಸಾಲಾಗಿ ನಿಂತಿರುವುದು ಕಾರಕಗಳು, ಭಾಷೆಗಳಲ್ಲ.

ಒಂದು ತೊಡಕು ಮಾತ್ರ ಉಳಿಯುತ್ತದೆ. ಬ್ಯಾಂಕೂ ಗೌಡರೂ ಒಂದೇ ಕಾರಕದಲ್ಲಿದ್ದಾರೆ, ಆದರೂ ಒಂದಕ್ಕೆ ಕೃದಂತ ಒಗ್ಗುತ್ತದೆ, ಇನ್ನೊಂದಕ್ಕಿಲ್ಲ. ಹಾಗಾದರೆ ಕನ್ನಡದಲ್ಲಿ ಗೆರೆ ಎಳೆಯುವುದು ಕಾರಕವೋ, ಕೇಳುಗರ ಊಹೆಯೋ? ಹೋಲಿಕೆಯ ಉದಾಹರಣೆಯಲ್ಲಿ ಎಷ್ಟು ಊಹೆಯಿದ್ದರೂ ಕೃದಂತ ಕೂಡಿಬರುವುದಿಲ್ಲವಾದ್ದರಿಂದ ಊಹೆಯೊಂದೇ ಎಂದೂ ಹೇಳಲಾಗದು.